ಒಡವೆಯ ಪಟ್ಟಿ ಅಪರಿಚಿತರಿಗೂ ಅರ್ಥವಾಗಬೇಕು

ನಮ್ಮ ಮನೆಗಳಲ್ಲಿ ಒಡವೆಯ ಲೆಕ್ಕ ಇರುವುದು ಬಹುಮಟ್ಟಿಗೆ ಒಬ್ಬ ಹೆಂಗಸಿನ ನೆನಪಿನಲ್ಲಿ. ದೊಡ್ಡಮ್ಮ ಕೊಟ್ಟ ಅವಲಕ್ಕಿ ಸರ, ಮೊದಲ ಬಾಣಂತನಕ್ಕೆ ತವರಿನವರು ಮಾಡಿಸಿದ ಬಳೆ, ಅಡಿಕೆ ಮಾರಿದ ವರ್ಷ ತಂದ ಜುಮಕಿ ಎಂದು ಅವರು ಹೇಳುತ್ತಾರೆ, ಕೇಳಿದವರಿಗೆ ಅರ್ಥವಾಗುತ್ತದೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟಿರುತ್ತಾರೆ: ‘ಹಾರ 1, ಬಳೆ 4, ಓಲೆ 3 ಜೊತೆ.’ ಎಲ್ಲವೂ ಸರಿಯಾಗಿ ನಡೆಯುವ ತನಕ ಇಷ್ಟು ಸಾಕು. ಆದರೆ ಪಟ್ಟಿ ಬೇಕಾಗುವುದು ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಅಲ್ಲ. ಆಗ ಅದನ್ನು ಓದುವವರು ಮನೆಯವರೂ ಅಲ್ಲ. ಕಳವಿನ ದೂರು ಬರೆದುಕೊಳ್ಳುವ ಠಾಣೆಯ ಸಿಬ್ಬಂದಿ, ವಿಮಾ ಕಂಪನಿಯ ಸರ್ವೇಯರ್, ಸಿವಿಲ್ ಕೋರ್ಟಿನ ವಕೀಲರು, ಅಮ್ಮ ತೀರಿಕೊಂಡ ಮೇಲೆ ಲಾಕರ್ ತೆರೆಯಲು ಬಂದ, ಇಪ್ಪತ್ತು ವರ್ಷ ಹೊರದೇಶದಲ್ಲಿದ್ದ ಮಗ. ಇವರಲ್ಲಿ ಯಾರಿಗೂ ದೊಡ್ಡಮ್ಮ ಯಾರೆಂದು ಗೊತ್ತಿಲ್ಲ.

ಆದ್ದರಿಂದ ನನ್ನ ವಾದ ಇಷ್ಟೇ. ಒಡವೆಯ ಪಟ್ಟಿಯನ್ನು ಆ ಒಡವೆಯನ್ನು ಎಂದೂ ಕಂಡಿರದವರಿಗಾಗಿ ಬರೆಯಬೇಕು. ಹಾಗೆ ಬರೆಯಲು ಕುಳಿತರೆ ಯಾವ ಅಂಕಣ ಬೇಕು, ಯಾವುದು ಬೇಡ ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ. ಮೊದಲು ಬಿಟ್ಟುಹೋಗುವುದು ಬೆಲೆ. ಬಹಳ ಜನ ಪಟ್ಟಿ ಮಾಡುವಾಗ ಮೊದಲು ಬರೆಯುವುದೇ ಅದನ್ನು. ಇಂದಿನ ಚಿನ್ನದ ದರ ಮುಂದಿನ ತಿಂಗಳಿಗೆ ಹಳತಾಗುತ್ತದೆ. ತೂಕವೂ ಶುದ್ಧತೆಯೂ ಸರಿಯಾಗಿ ದಾಖಲಾಗಿದ್ದರೆ ಯಾವ ದಿನದ ಬೆಲೆಯನ್ನಾದರೂ ಯಾರು ಬೇಕಾದರೂ ಲೆಕ್ಕ ಹಾಕಿಕೊಳ್ಳಬಹುದು. ಅವೆರಡೂ ಇಲ್ಲದ ಪಟ್ಟಿಯಲ್ಲಿ ಬರೆದ ಬೆಲೆ ಬರೀ ಊಹೆ.

ತೂಕ ಎಂದಾಗ ಎರಡು ತೂಕ ಬೇಕು: ಒಡವೆಯ ಒಟ್ಟು ತೂಕ ಮತ್ತು ಅದರಲ್ಲಿರುವ ಚಿನ್ನದ ನಿವ್ವಳ ತೂಕ. ಹರಳು, ಮುತ್ತು, ಕರಿಮಣಿ, ಹವಳ, ಪೊಳ್ಳು ಗುಂಡಿನೊಳಗೆ ತುಂಬಿದ ಅರಗು ಇವೆಲ್ಲ ತಕ್ಕಡಿಯಲ್ಲಿ ಚಿನ್ನದ ಜೊತೆಗೇ ತೂಗುತ್ತವೆ. ಅಡುಗೆಮನೆಯ ತಕ್ಕಡಿ ಇಲ್ಲಿ ಕೆಲಸಕ್ಕೆ ಬಾರದು, ಅದು ಒಂದು ಗ್ರಾಮಿಗಿಂತ ಕೆಳಗೆ ತೋರಿಸುವುದಿಲ್ಲ. ಗ್ರಾಮಿನ ನೂರನೇ ಒಂದು ಭಾಗದವರೆಗೆ ತೋರಿಸುವ ಚಿಕ್ಕ ತಕ್ಕಡಿ ಸಾಕು. ತಕ್ಕಡಿಯನ್ನು ಪರೀಕ್ಷಿಸಲು ಸೀಲು ಒಡೆಯದ ಹತ್ತು ಗ್ರಾಮಿನ ನಾಣ್ಯವನ್ನು ಕವಚದ ಸಮೇತ ತೂಗಬೇಡಿ, ಕವಚದ ತೂಕ ಸೇರಿಕೊಳ್ಳುತ್ತದೆ. ಕವಚವಿಲ್ಲದ, ತೂಕ ಗೊತ್ತಿರುವ ಯಾವುದಾದರೂ ನಾಣ್ಯವಿಟ್ಟು ತಕ್ಕಡಿ ಸರಿಯಿದೆಯೇ ಎಂದು ನೋಡಿಕೊಳ್ಳಿ. ಒಟ್ಟು ತೂಕವನ್ನು ಹೀಗೆ ಮನೆಯಲ್ಲೇ ಕಂಡುಕೊಳ್ಳಬಹುದು. ನಿವ್ವಳ ತೂಕ ಕಷ್ಟ. ಹರಳು ಕೀಳದೆ ಅದನ್ನು ನಿಖರವಾಗಿ ತಿಳಿಯುವ ಉಪಾಯವಿಲ್ಲ. ಹೊಸ ಬಿಲ್ಲುಗಳಲ್ಲಿ ಅದು ಬರೆದಿರುತ್ತದೆ. ಹಳೆಯ ಒಡವೆಗಳಿಗೆ ಅಕ್ಕಸಾಲಿಗರ ಅಂದಾಜೇ ಗತಿ, ಮತ್ತು ಪಟ್ಟಿಯಲ್ಲಿ ಅದು ಅಂದಾಜು ಎಂದೂ ಯಾರು ಅಂದಾಜಿಸಿದರೆಂದೂ ಬರೆಯಬೇಕು. ಇನ್ನೊಂದು ಆಧಾರವಿದೆ, ಯಾರೂ ಅದನ್ನು ನೆನೆಯುವುದಿಲ್ಲ: ಎಂದಾದರೂ ಆ ಒಡವೆಯನ್ನು ಬ್ಯಾಂಕಿನಲ್ಲಿ ಅಡವಿಟ್ಟಿದ್ದರೆ ಅಂದಿನ ಚೀಟಿ. ಬ್ಯಾಂಕಿನ ಪರಿಶೀಲಕರು ಹರಳು, ಅರಗುಗಳನ್ನು ಕಳೆದೇ ಸಾಲದ ಮೊತ್ತ ನಿರ್ಧರಿಸುವುದು. ಗಿರವಿಯ ಚೀಟಿಯನ್ನು ಅವಮಾನದ ಗುರುತೆಂದು ಹರಿದುಹಾಕುವ ಮನೆಗಳಿವೆ. ಹರಿಯಬೇಡಿ, ಅದು ಹೊರಗಿನವರೊಬ್ಬರು ತೂಗಿ ಬರೆದುಕೊಟ್ಟ ದಾಖಲೆ.

ಶುದ್ಧತೆಯ ವಿಷಯ ಇನ್ನೂ ಸೂಕ್ಷ್ಮ. ಭಾರತೀಯ ಮಾನಕ ಬ್ಯೂರೋದ ಹಾಲ್‌ಮಾರ್ಕ್ ಚಿನ್ನಕ್ಕೆ ಬಂದದ್ದು 2000ದಲ್ಲಿ, ಆದರೆ ಕಡ್ಡಾಯವಾಗತೊಡಗಿದ್ದು 2021ರ ಜೂನ್‌ನಿಂದ, ಅದೂ ಹಂತಹಂತವಾಗಿ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಹಾಲ್‌ಮಾರ್ಕ್ ಮಾಡಿ ಮಾರುವ ಒಡವೆಯ ಮೇಲೆ ಮೂರು ಗುರುತು ಇರಲೇಬೇಕು: ಬ್ಯೂರೋದ ತ್ರಿಕೋನದ ಚಿಹ್ನೆ, 22K916ನಂಥ ಶುದ್ಧತೆಯ ಗುರುತು, ಮತ್ತು ಅಕ್ಷರ-ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ. ಭೂತಗನ್ನಡಿ ಹಿಡಿದು ಆ ಆರನ್ನು ಓದಿ ಪಟ್ಟಿಗೆ ಇಳಿಸುವುದೇ ಹೊಸ ಒಡವೆಗಳ ಮಟ್ಟಿಗೆ ಅತಿ ಮುಖ್ಯ ಕೆಲಸ, ಏಕೆಂದರೆ ಆ ಸಂಖ್ಯೆ ಒಂದು ಒಡವೆಗೆ ಒಂದೇ. ಬ್ಯೂರೋದ BIS Care ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಅದು ಉಂಗುರವೋ ಬಳೆಯೋ, ಯಾವ ಕೇಂದ್ರದಲ್ಲಿ ಪರೀಕ್ಷೆಯಾಯಿತು, ಶುದ್ಧತೆ ಎಷ್ಟು ಎಂಬುದು ಬರುತ್ತದೆ. ಕೈಯಲ್ಲಿರುವುದು ಬಳೆ, ತೆರೆಯಲ್ಲಿ ಬಂದದ್ದು ಉಂಗುರ ಎಂದಾದರೆ ಅಂಗಡಿಗೆ ಹೋಗಿ ಕೇಳಲೇಬೇಕು. ಆದರೆ ಆ ಸಂಖ್ಯೆ ಒಡೆತನಕ್ಕೆ ಸಾಕ್ಷಿಯಲ್ಲ. ಒಡವೆ ಯಾರದೆಂದು ಆ್ಯಪ್ ಹೇಳುವುದಿಲ್ಲ, ಅದನ್ನು ಹೇಳುವುದು ನಿಮ್ಮ ಬಿಲ್ಲು ಮತ್ತು ಪಟ್ಟಿ.

ನಮ್ಮ ಮನೆಗಳ ಹೆಚ್ಚಿನ ಚಿನ್ನ ಇದಕ್ಕಿಂತ ಹಿಂದಿನದು. ಅದರ ಮೇಲೆ ಅಕ್ಕಸಾಲಿಗರ ಮುದ್ರೆ ಇರಬಹುದು, ‘ಕೆಡಿಎಂ’ ಎಂದಿರಬಹುದು, ಏನೂ ಇಲ್ಲದಿರಬಹುದು. ಕೆಡಿಎಂ ಎಂಬುದನ್ನು ಶುದ್ಧತೆಯ ಖಾತರಿಯೆಂದು ನಂಬಿದವರು ಬಹಳ. ಅದು ಬೆಸುಗೆಯ ವಿಧವಷ್ಟೇ. ಒಡವೆಯ ತುಂಡುಗಳನ್ನು ಕೂಡಿಸುವ ಬೆಸುಗೆ ಚಿನ್ನಕ್ಕಿಂತ ಬೇಗ ಕರಗಬೇಕು. ಹಿಂದೆ ಅದಕ್ಕಾಗಿ ಚಿನ್ನಕ್ಕೆ ತಾಮ್ರ, ಬೆಳ್ಳಿ ಹೆಚ್ಚಾಗಿ ಬೆರೆಸುತ್ತಿದ್ದರು, ಬೆಸುಗೆ ಹೆಚ್ಚಿದಷ್ಟೂ ಒಡವೆಯ ಒಟ್ಟು ಶುದ್ಧತೆ ಇಳಿಯುತ್ತಿತ್ತು. ಕೆಡಿಎಂ ಬೆಸುಗೆಯಲ್ಲಿ ಕ್ಯಾಡ್ಮಿಯಂ ಬಳಸಿದ್ದರಿಂದ ಅಷ್ಟು ಬೆರಕೆ ಬೇಕಾಗುತ್ತಿರಲಿಲ್ಲ, ಆದರೆ ಮೂಲ ಚಿನ್ನ ಎಷ್ಟು ಶುದ್ಧವೆಂದು ಅದು ಹೇಳುವುದಿಲ್ಲ. ಆದ್ದರಿಂದ ಹಳೆಯ ಒಡವೆಯ ಶುದ್ಧತೆಯನ್ನು ಮುದ್ರೆ ನೋಡಿ ಬರೆಯುವುದಲ್ಲ, ಪರೀಕ್ಷೆ ಮಾಡಿಸಿ ಬರೆಯಬೇಕು. ಬ್ಯೂರೋ ಮಾನ್ಯತೆಯ ಹಾಲ್‌ಮಾರ್ಕಿಂಗ್ ಕೇಂದ್ರಗಳು ಸಾರ್ವಜನಿಕರ ಒಡವೆಯನ್ನೂ ಶುಲ್ಕ ಪಡೆದು ಪರೀಕ್ಷಿಸಿ ವರದಿ ಕೊಡುತ್ತವೆ. ಅಲ್ಲಿ ಬಳಸುವ ಎಕ್ಸ್‌ಆರ್‌ಎಫ್ ಯಂತ್ರ ಒಡವೆಗೆ ಗಾಯ ಮಾಡುವುದಿಲ್ಲ, ಆದರೆ ಅದು ಓದುವುದು ಮೇಲ್ಪದರವನ್ನು ಮಾತ್ರ. ಇತ್ತೀಚೆಗೆ ಪಾಲಿಶ್ ಅಥವಾ ಮುಲಾಮು ಆಗಿದ್ದರೆ ಅಂಕಿ ಹೆಚ್ಚು ತೋರಬಹುದು. ಮುಂಭಾಗ, ಹಿಂಭಾಗ, ಕೊಂಡಿ ಹೀಗೆ ಎರಡು ಮೂರು ಕಡೆ ನೋಡಿಸಿ, ಪ್ರತಿಯೊಂದು ಅಂಕಿಯನ್ನೂ ಬರೆದುಕೊಳ್ಳುವುದು ಒಳ್ಳೆಯದು. ಅಂಕಿಗಳ ನಡುವೆ ಅಂತರ ದೊಡ್ಡದಿದ್ದರೆ ಆ ಒಡವೆ ಒಂದೇ ಚಿನ್ನದ್ದಲ್ಲ, ದುರಸ್ತಿಯಾಗಿದೆ ಎಂದು ತಿಳಿಯಬೇಕು.

ಇಷ್ಟೆಲ್ಲ ಏಕೆ ಎನ್ನುವವರಿಗಾಗಿ ಒಂದು ಲೆಕ್ಕವನ್ನು ಪೂರ್ತಿ ಹಾಕಿ ತೋರಿಸುತ್ತೇನೆ. ಒಬ್ಬ ತಾಯಿಯ ಬಳಿ ಒಂದು ಲಕ್ಷ್ಮೀ ಹಾರ ಮತ್ತು ನಾಲ್ಕು ಬಳೆ ಇವೆ ಎಂದುಕೊಳ್ಳಿ. ಹಾರ 1991ರಲ್ಲಿ ಊರಿನ ಅಕ್ಕಸಾಲಿಗರು ಮಾಡಿಕೊಟ್ಟದ್ದು, ಬಳೆಗಳು 2023ರಲ್ಲಿ ಎಚ್‌ಯುಐಡಿ ಸಮೇತ ಕೊಂಡದ್ದು. ಹಾರ 48.620 ಗ್ರಾಂ ತೂಗುತ್ತದೆ, ಬಳೆಗಳು ಒಟ್ಟು 48.400 ಗ್ರಾಂ. ಇಬ್ಬರು ಹೆಣ್ಣುಮಕ್ಕಳು. ಒಬ್ಬಳಿಗೆ ಹಾರ, ಇನ್ನೊಬ್ಬಳಿಗೆ ಬಳೆ ಎಂದರೆ ಸಮಪಾಲು ಎಂದು ಯಾರಾದರೂ ಹೇಳುತ್ತಾರೆ. ಹಾರದವಳಿಗೆ ಒಂದು ಗುಲಗಂಜಿ ಹೆಚ್ಚೇ ಬಂತೆಂದೂ ಹೇಳಿಯಾರು.

ಈಗ ಪಟ್ಟಿ ಮಾಡಲು ಕುಳಿತವರ ಕೈಗೆ 2009ರ ಗಿರವಿ ಚೀಟಿ ಸಿಗುತ್ತದೆ. ಅದರಲ್ಲಿ ಹಾರದ ಒಟ್ಟು ತೂಕ 48.900 ಗ್ರಾಂ, ಹರಳು ಮತ್ತು ಅರಗಿಗೆ ಕಳೆದದ್ದು 6 ಗ್ರಾಂ, ನಿವ್ವಳ 42.900 ಎಂದಿದೆ. ಅಂದಿನಿಂದ ಇಂದಿಗೆ 0.280 ಗ್ರಾಂ ಕಡಿಮೆಯಾಗಿದೆ. ಸವೆತ ಸ್ವಲ್ಪ, ಕೊಂಡಿ ಬದಲಾಗಿದೆ, ಎಡಗಡೆಯ ಒಂದು ಸಣ್ಣ ಕೆಂಪು ಬಿದ್ದುಹೋಗಿದೆ. ಕಳೆಯುವ ತೂಕ 6 ಗ್ರಾಂ ಎಂದೇ ಇಟ್ಟುಕೊಂಡರೆ ಈಗಿನ ನಿವ್ವಳ 42.620 ಗ್ರಾಂ. ಪರೀಕ್ಷಾ ಕೇಂದ್ರದಲ್ಲಿ ಹಾರದ ಶುದ್ಧತೆ ಶೇ. 87.5 ಎಂದು ಬಂತು, ಅಂದರೆ 21 ಕ್ಯಾರೆಟ್. ಆ ಕಾಲದ ಕೈಕೆಲಸದ, ಬೆಸುಗೆ ಹೆಚ್ಚಿರುವ ಹಾರಕ್ಕೆ ಇದೇನೂ ಕೆಟ್ಟ ಅಂಕಿಯಲ್ಲ, ಇದರಲ್ಲಿ ಮೋಸದ ಮಾತೇ ಬರಬೇಕಿಲ್ಲ. ಹಾರದಲ್ಲಿರುವ ಅಪ್ಪಟ ಚಿನ್ನ ಈಗ 37.29 ಗ್ರಾಂ ಆಯಿತು. ಬಳೆಗಳಲ್ಲಿ ಹರಳಿಲ್ಲ, ಶುದ್ಧತೆ ಶೇ. 91.6, ಅಪ್ಪಟ ಚಿನ್ನ 44.33 ಗ್ರಾಂ. ಸಮಪಾಲು ಎಂದುಕೊಂಡದ್ದರಲ್ಲಿ ಅಪ್ಪಟ ಚಿನ್ನವೇ ಏಳು ಗ್ರಾಂ ವ್ಯತ್ಯಾಸ. ಹಾರ ಪಡೆದ ಮಗಳಿಗೆ ಇದು ಗೊತ್ತಾಗುವುದು ವರ್ಷಗಳ ನಂತರ, ಅದನ್ನು ಕರಗಿಸಲು ಹೋದಾಗ. ಆಗ ಅವಳ ಅನುಮಾನ ಮೊದಲು ಅಂಗಡಿಯವರ ಮೇಲೆ, ಆಮೇಲೆ ಅಕ್ಕನ ಮೇಲೆ. ಹರಳಿಗೂ ಕೈಕೆಲಸಕ್ಕೂ ಬೆಲೆಯಿದೆ, ಅಮ್ಮನ ಹಾರವೇ ಬೇಕೆಂದು ಏಳು ಗ್ರಾಂ ಬಿಟ್ಟುಕೊಡುವ ಮಗಳೂ ಇರಬಹುದು. ಆದರೆ ತಿಳಿದು ಬಿಟ್ಟುಕೊಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ.

ಕಳವಾದಾಗಲೂ ನಿವ್ವಳ ತೂಕ, ಶುದ್ಧತೆ ಎಂಬ ಇದೇ ಎರಡು ಅಂಕಿ ಕೈಹಿಡಿಯುತ್ತವೆ. ಕದ್ದ ಒಡವೆ ಒಡವೆಯಾಗಿಯೇ ಸಿಕ್ಕರೆ ಫೋಟೊ ಸಾಕು, ಅದರಲ್ಲೂ ಅಳತೆಪಟ್ಟಿ ಪಕ್ಕದಲ್ಲಿಟ್ಟು ಮುಂಭಾಗ, ಹಿಂಭಾಗ, ಕೊಂಡಿ, ಮುದ್ರೆ ಎಲ್ಲವೂ ಕಾಣುವಂತೆ ತೆಗೆದದ್ದು. ಮದುವೆ ಫೋಟೊದಲ್ಲಿ ಸೆರಗಿನ ಮರೆಯಲ್ಲಿರುವ ಸರದಿಂದ ಗುರುತು ಹಿಡಿಯುವುದು ಕಷ್ಟ. ‘ಎಡಗಡೆ ಮೂರನೆಯ ಕೆಂಪು ಇಲ್ಲ, ಕೊಂಡಿ ಹೊಸದು’ ಎಂಬ ಒಂದು ಸಾಲು ಅಂಥ ಹತ್ತು ಫೋಟೊಗಳಿಗಿಂತ ಮೇಲು. ಆದರೆ ಕಳ್ಳಮಾಲು ಅನೇಕ ಸಲ ಪೊಲೀಸರಿಗೆ ಸಿಗುವುದು ಕರಗಿದ ಗಟ್ಟಿಯಾಗಿ. ಗಟ್ಟಿಗೆ ಕೆಂಪೂ ಇಲ್ಲ, ಕೊಂಡಿಯೂ ಇಲ್ಲ. ನಾಲ್ಕು ಮನೆಯವರು ತಮ್ಮದೆಂದು ಬಂದಾಗ ಯಾರ ಪಾಲು ಎಷ್ಟೆಂದು ಹೇಳಲು ಉಳಿಯುವುದು ದೂರಿನಲ್ಲಿ ಬರೆಸಿದ ನಿವ್ವಳ ತೂಕ ಮತ್ತು ಶುದ್ಧತೆ. ಸಿಕ್ಕ ಒಡವೆಯನ್ನು ವಿಚಾರಣೆ ಮುಗಿಯುವ ತನಕ ಠಾಣೆಯಲ್ಲಿ ಕೊಳೆಹಾಕಬಾರದು, ವಿವರವಾದ ಪಂಚನಾಮೆ ಮಾಡಿ, ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಮಾಲೀಕರಿಗೆ ಬೇಗ ಒಪ್ಪಿಸಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪಿನ ಲಾಭ ಸಿಗುವುದು ತಾನು ಮಾಲೀಕನೆಂದು ತೋರಿಸಬಲ್ಲವರಿಗೆ.

ಇದನ್ನು ತೋರಿಸಬೇಕಾದದ್ದು ಬಿಲ್ಲು. ಇಲ್ಲಿ ನಮ್ಮ ಅಭ್ಯಾಸ ತೀರ ಸಡಿಲ. ಅಂಗಡಿಯಲ್ಲಿ ತೆರಿಗೆ ಉಳಿಯುತ್ತದೆಂದು ಬಿಳಿ ಚೀಟಿಯ ಮೇಲೆ ಬರೆದುಕೊಟ್ಟ ಎಸ್ಟಿಮೇಟ್ ತೆಗೆದುಕೊಂಡು ಬರುತ್ತೇವೆ. ಉಳಿದದ್ದು ಶೇ. 3ರ ಜಿಎಸ್‌ಟಿ. ಕಳೆದುಕೊಂಡದ್ದು ಒಡೆತನದ ಪುರಾವೆ ಮತ್ತು ಶುದ್ಧತೆ ಕಡಿಮೆ ಬಂದರೆ ಪರಿಹಾರ ಕೇಳುವ ಆಧಾರ. ಸರಿಯಾದ ಬಿಲ್ಲಿನಲ್ಲಿ ಒಡವೆಯ ಹೆಸರು, ನಿವ್ವಳ ತೂಕ, ಕ್ಯಾರೆಟ್ ಮತ್ತು ಶುದ್ಧತೆ, ಹಾಲ್‌ಮಾರ್ಕಿನ ಶುಲ್ಕ ಬೇರೆ ಬೇರೆಯಾಗಿ ಇರಬೇಕು. ಮಜೂರಿ, ಹರಳಿನ ಬೆಲೆ ಪ್ರತ್ಯೇಕವಿದ್ದರೆ ಇನ್ನೂ ಒಳ್ಳೆಯದು. ಶಾಖದಿಂದ ಮುದ್ರಿಸುವ ನುಣುಪು ಕಾಗದದ ಬಿಲ್ಲು ಕೆಲವೇ ವರ್ಷಗಳಲ್ಲಿ ಅಳಿಸಿಹೋಗುತ್ತದೆ, ಆದ್ದರಿಂದ ತಂದ ದಿನವೇ ಅದರ ಜೆರಾಕ್ಸ್ ಆಗಬೇಕು. ಬಿಲ್ಲಿನ ಉಪಯೋಗ ಮಾರುವಾಗಲೂ ಇದೆ. ಒಡವೆ ಮಾರಿದ ಲಾಭಕ್ಕೆ ತೆರಿಗೆಯಿದೆ, ಮತ್ತು ಅಮ್ಮನಿಂದ ಬಂದ ಒಡವೆಯಾದರೆ ಅಮ್ಮ ಕೊಟ್ಟ ಬೆಲೆ, ಅಮ್ಮ ಕೊಂಡ ದಿನಾಂಕವೇ ಮಗಳಿಗೂ ಲೆಕ್ಕಕ್ಕೆ ಬರುತ್ತವೆ. 2001ರ ಏಪ್ರಿಲ್ 1ಕ್ಕೆ ಮೊದಲು ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು.

ಬಿಲ್ಲಿನ ಅಂಕಣದಲ್ಲಿ ಅತ್ಯಂತ ಹೆಚ್ಚು ಕಳೆದುಹೋಗುವುದು ‘ಹಳೆಯದನ್ನು ಹಾಕಿ ಹೊಸದು ತಂದೆವು’ ಎಂಬ ವ್ಯವಹಾರ. ಸೊಸೆಯ ಎರಡು ಬಳೆ, ಅತ್ತೆಯ ಮುರಿದ ಓಲೆ, ಮಗುವಿನ ನಾಮಕರಣಕ್ಕೆ ಬಂದ ಉಂಗುರಗಳು ಎಲ್ಲ ಸೇರಿ ಒಂದು ನೆಕ್ಲೇಸ್ ಆಗುತ್ತದೆ. ಬಿಲ್ಲು ಗಂಡನ ಹೆಸರಿನಲ್ಲಿ. ಹಳೆಯ ಚಿನ್ನ ಎಷ್ಟು ಗ್ರಾಂ, ಯಾವ ಶುದ್ಧತೆಗೆ ಹಿಡಿದರು ಎಂಬ ಚೀಟಿ ಅಂಗಡಿಯ ಬುಟ್ಟಿಯಲ್ಲೇ ಉಳಿಯುತ್ತದೆ. ಹತ್ತು ವರ್ಷದ ನಂತರ ಆ ನೆಕ್ಲೇಸಿನಲ್ಲಿ ಯಾರ ಚಿನ್ನ ಎಷ್ಟಿದೆ ಎಂದು ಹೇಳಬಲ್ಲವರಿಲ್ಲ. ಹಾಗಾಗಿ ಪಟ್ಟಿಯಲ್ಲಿ ಕರಗಿದ ಒಡವೆಯ ಸಾಲನ್ನು ಅಳಿಸಬಾರದು. ಅದರ ಮೇಲೆ ಒಂದು ಗೆರೆ ಎಳೆದು, ಯಾವ ದಿನ, ಯಾವ ಬಿಲ್ಲಿನಲ್ಲಿ, ಯಾವ ಹೊಸ ಒಡವೆಗೆ ಎಷ್ಟು ಗ್ರಾಂ ಸೇರಿತು ಎಂದು ಪಕ್ಕದಲ್ಲೇ ಬರೆಯಬೇಕು. ಚಿನ್ನ ಮನೆಯಿಂದ ಸೋರಿಹೋಗುವುದು ಕಳ್ಳರಿಂದ ಮಾತ್ರವಲ್ಲ, ಹೀಗೆ ಕರಗಿಸಿ ಕೂಡಿಸಿದಾಗಲೂ ಒಬ್ಬರ ಹಕ್ಕು ಇನ್ನೊಬ್ಬರ ಹೆಸರಿಗೆ ಹರಿದುಹೋಗುತ್ತದೆ. ಬಹುತೇಕ ಸಂದರ್ಭಗಳಲ್ಲಿ ಹಾಗೆ ಕಳೆದುಕೊಳ್ಳುವವರು ಹೆಣ್ಣುಮಕ್ಕಳು.

ಎಲ್ಲಿದೆ ಎಂಬ ಅಂಕಣಕ್ಕೆ ದಿನಾಂಕ ಜೊತೆಗಿರಬೇಕು, ಏಕೆಂದರೆ ಒಡವೆ ಓಡಾಡುತ್ತದೆ. ಮದುವೆಗೆಂದು ಲಾಕರ್‌ನಿಂದ ಬಂದದ್ದು ನಾದಿನಿಯ ಮಗಳ ಆರತಕ್ಷತೆಗೆ ಹೋಗುತ್ತದೆ, ಅಲ್ಲಿಂದ ದುರಸ್ತಿಗೆ, ಕೆಲವೊಮ್ಮೆ ಸಹಕಾರಿ ಬ್ಯಾಂಕಿಗೆ ಸಾಲಕ್ಕಾಗಿ. ಪ್ರತಿ ಸಲ ಒಂದು ಸಾಲು ಬರೆದರೆ ಸಾಕು. ಲಾಕರ್ ಎಂದ ಕೂಡಲೇ ಬ್ಯಾಂಕಿನವರ ಬಳಿ ಲೆಕ್ಕವಿರುತ್ತದೆ ಎಂದು ನಂಬಿದವರಿದ್ದಾರೆ. ಬ್ಯಾಂಕ್ ಪೆಟ್ಟಿಗೆಯನ್ನು ಬಾಡಿಗೆಗೆ ಕೊಡುತ್ತದೆ, ಒಳಗೇನಿದೆ ಎಂಬುದನ್ನು ಅದು ನೋಡುವುದೂ ಇಲ್ಲ, ಬರೆದಿಡುವುದೂ ಇಲ್ಲ. ರಿಸರ್ವ್ ಬ್ಯಾಂಕಿನ 2021ರ ಆಗಸ್ಟ್ ಸೂಚನೆಯ ಪ್ರಕಾರ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರ್‌ನಲ್ಲಿದ್ದುದು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ವರ್ಷಕ್ಕೆ 3,000 ರೂಪಾಯಿ ಬಾಡಿಗೆಯಾದರೆ ಮೂರು ಲಕ್ಷ. ಗ್ರಾಂ ಚಿನ್ನ ಹತ್ತು ಸಾವಿರ ದಾಟಿದ ಮೇಲೆ ಅದು ಮೂವತ್ತು ಗ್ರಾಮಿಗೂ ಸಾಲದು. ಬ್ಯಾಂಕ್ ಒಳಗಿನ ವಸ್ತುವಿಗೆ ವಿಮೆಯನ್ನೂ ಮಾಡಿಸುವುದಿಲ್ಲ. ಉಳಿದ ನಷ್ಟಕ್ಕೆ ಮನೆಯವರೇ ವಿಮೆ ಮಾಡಿಸಿರಬೇಕು, ಮತ್ತು ವಿಮಾ ಕಂಪನಿ ಮೊದಲು ಕೇಳುವುದೇ ಪಟ್ಟಿ, ಬಿಲ್ಲು, ಮೌಲ್ಯಮಾಪನದ ಪತ್ರ.

ಬೆಳ್ಳಿ, ವಜ್ರಗಳ ಬಗ್ಗೆ ಒಂದೊಂದು ಮಾತು ಸಾಕು. ದೀಪದ ಕಂಬ, ದೇವರ ಮುಖವಾಡಗಳ ಒಳಗೆ ಅರಗು ಅಥವಾ ಮರ ಇರುವುದುಂಟು, ಹಾಗಾಗಿ ತೂಗಿದ ಅಂಕಿಯನ್ನು ಬೆಳ್ಳಿಯ ತೂಕವೆಂದು ಬರೆಯಬೇಡಿ. ವಜ್ರಕ್ಕೆ ಅದರ ಪ್ರಯೋಗಾಲಯದ ಪ್ರಮಾಣಪತ್ರದ ಸಂಖ್ಯೆಯೇ ಗುರುತು.

ಹೀಗೆ ಬರೆದಿಟ್ಟರೆ ಕಳ್ಳರಿಗೆ ನಕಾಶೆ ಕೊಟ್ಟಂತಲ್ಲವೇ ಎಂಬ ಆಕ್ಷೇಪ ಸರಿಯಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಉತ್ತರ ಪಟ್ಟಿಯನ್ನು ಒಡೆಯುವುದು. ತೂಕ, ಶುದ್ಧತೆ, ಫೋಟೊ, ಬಿಲ್ಲುಗಳ ಒಂದು ಕಡತ. ಯಾವ ಕ್ರಮಸಂಖ್ಯೆಯ ಒಡವೆ ಎಲ್ಲಿದೆ ಎಂಬ ಒಂದೇ ಹಾಳೆ ಬೇರೆ ಕಡೆ. ಒಡವೆ ಇರುವಲ್ಲಿ ಇವೆರಡೂ ಇರಬಾರದು. ಲಾಕರ್‌ನೊಳಗೇ ಪಟ್ಟಿ ಇಡುವವರಿದ್ದಾರೆ, ಲಾಕರ್ ಹೋದರೆ ಪಟ್ಟಿಯೂ ಹೋಯಿತು. ಫೋನಿನ ಫೋಟೊ ಸಂಗ್ರಹದಲ್ಲಿ ಬಿಟ್ಟರೆ ಫೋನು ರಿಪೇರಿಗೆ ಕೊಟ್ಟಾಗ ಎಲ್ಲವನ್ನೂ ಒಪ್ಪಿಸಿದಂತೆ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಂತೂ ಕೂಡದು.

ಎರಡನೆಯ ಭಯ ತೆರಿಗೆಯವರದು. 1968ರ ಚಿನ್ನ ನಿಯಂತ್ರಣ ಕಾಯ್ದೆಯ ಕಾಲವನ್ನು ಕಂಡ ಹಿರಿಯರು ಚಿನ್ನದ ಬಗ್ಗೆ ಏನನ್ನೂ ಬರೆದಿಡಬಾರದು ಎಂದು ಕಲಿತದ್ದು ಸಹಜ. ಆದರೆ ಆ ಕಾಯ್ದೆ 1990ರಲ್ಲೇ ರದ್ದಾಯಿತು. ಶೋಧನೆಯ ವೇಳೆ ವಿವಾಹಿತ ಮಹಿಳೆಗೆ 500 ಗ್ರಾಂ, ಅವಿವಾಹಿತೆಗೆ 250, ಪುರುಷರಿಗೆ 100 ಗ್ರಾಂ ತನಕದ ಒಡವೆಯನ್ನು ವಶಪಡಿಸಿಕೊಳ್ಳಬಾರದು ಎಂದು ನೇರ ತೆರಿಗೆ ಮಂಡಳಿ 1994ರಲ್ಲಿ ಸೂಚಿಸಿದೆ. ಇದನ್ನು ಇಟ್ಟುಕೊಳ್ಳಬಹುದಾದ ಗರಿಷ್ಠ ಮಿತಿಯೆಂದು ತಪ್ಪಾಗಿ ಹೇಳುವವರು ಬಹಳ. ಮೂಲವನ್ನು ವಿವರಿಸಬಲ್ಲಿರಾದರೆ ಮಿತಿಯಿಲ್ಲ, ಪಿತ್ರಾರ್ಜಿತವೂ ಒಂದು ಮೂಲವೇ ಎಂದು ಮಂಡಳಿ 2016ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಹಾಗಾದರೆ ತೊಂದರೆಯಾಗುವುದು ಬರೆದಿಟ್ಟವರಿಗಲ್ಲ, ವಿವರಿಸಲಾಗದವರಿಗೆ.

ಮೂರನೆಯ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅದೇ ಎಲ್ಲಕ್ಕಿಂತ ಬಲವಾದದ್ದು. ಪಟ್ಟಿ ಕೇಳುವ ಸೊಸೆ ಅಪನಂಬಿಕೆಯವಳು, ಮದುವೆಯ ಮನೆಯಲ್ಲಿ ಒಡವೆ ಬರೆದಿಡುವುದು ಅಮಂಗಳ. ಈ ಭಾವನೆಗೆ ನಾನು ಒಪ್ಪುವುದಿಲ್ಲ, ಕಾನೂನೂ ಒಪ್ಪಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮಗಳು ವಧುವಿಗೂ ವರನಿಗೂ ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಇಡಬೇಕೆನ್ನುತ್ತವೆ. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ, ಕೊನೆಗೆ ವಧೂವರರ ಸಹಿ. ನಾಲ್ಕು ದಶಕಗಳಾದವು. ಮುಯ್ಯಿ ಪುಸ್ತಕದಲ್ಲಿ ನೂರೊಂದು ರೂಪಾಯಿಯನ್ನೂ ಬಿಡದೆ ಬರೆಯುವ ನಾವು ಈ ಪಟ್ಟಿಯನ್ನು ಬರೆಯುವುದಿಲ್ಲ. ಹೆಣ್ಣಿಗೆ ಬಂದ ಸ್ತ್ರೀಧನ ಅವಳದೇ ಸಂಪೂರ್ಣ ಆಸ್ತಿ, ಗಂಡಹೆಂಡಿರ ಜಂಟಿ ಸ್ವತ್ತಲ್ಲ ಎಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಿಂದ ಹೇಳುತ್ತಲೇ ಬಂದಿದೆ. 2024ರ ಏಪ್ರಿಲ್‌ನಲ್ಲಿ ಕೇರಳದ ಮಹಿಳೆಯೊಬ್ಬರು 89 ಪವನ್ ಚಿನ್ನಕ್ಕಾಗಿ ನಡೆಸಿದ ಹೋರಾಟದಲ್ಲಿ 25 ಲಕ್ಷ ರೂಪಾಯಿ ಕೊಡಿಸಿ ಅದನ್ನೇ ಮತ್ತೆ ಹೇಳಿತು. ಹಕ್ಕು ಇದೆ ಎನ್ನುವುದಕ್ಕೆ ತೀರ್ಪುಗಳಿವೆ. ಏನಿತ್ತು, ಎಷ್ಟಿತ್ತು ಎನ್ನುವುದಕ್ಕೆ ಅವಳ ಬಳಿ ಕಾಗದ ಇರಬೇಕು. ಆದ್ದರಿಂದ ತೂಕ, ಶುದ್ಧತೆ, ಬಿಲ್ಲು, ಸ್ಥಳಗಳ ಜೊತೆಗೆ ‘ಯಾರದು’ ಎಂಬ ಐದನೆಯ ಅಂಕಣವನ್ನು ನಾನು ಬಿಡಲೊಪ್ಪೆ. ಅದು ಖಾಲಿ ಇರುವ ಪಟ್ಟಿ ಮನೆಯ ಯಜಮಾನನ ಪಟ್ಟಿಯಷ್ಟೇ ಆಗುತ್ತದೆ.

ವರಮಹಾಲಕ್ಷ್ಮಿಗೆಂದು ಎಷ್ಟೋ ಮನೆಗಳಲ್ಲಿ ಒಡವೆಗಳು ಲಾಕರ್‌ನಿಂದ ಹೊರಬರುತ್ತವೆ. ಅಮ್ಮ, ಅತ್ತೆ, ಅಜ್ಜಿ ಎಲ್ಲರೂ ಮನೆಯಲ್ಲಿರುವ ದಿನ ಅದು, ಯಾವುದು ಯಾರಿಂದ ಬಂತೆಂದು ಹೇಳಬಲ್ಲವರು ಅವರೇ. ಈ ಸಲ ಒಡವೆಗಳನ್ನು ಲಾಕರ್‌ಗೆ ಹಿಂದಿರುಗಿಸುವ ಮುನ್ನ ತಕ್ಕಡಿ, ಭೂತಗನ್ನಡಿ, ಅಳತೆಪಟ್ಟಿ ತಂದಿಟ್ಟುಕೊಂಡು, ಅವರು ಹೇಳಿದ್ದನ್ನೂ ತಕ್ಕಡಿ ತೋರಿಸಿದ್ದನ್ನೂ ಬರೆದುಕೊಳ್ಳಿ, ಕೊನೆಯಲ್ಲಿ ಎಲ್ಲರ ಸಹಿ ಹಾಕಿಸಿ.